ಫ್ಯೂಸಿನ ಫೋಟೋ ಬಂತಾ? ಬಣ್ಣಕ್ಕಿಂತ ಮೊದಲ ಅಗಲ ನೋಡ್ರಿ

ಹಾಂ, ಕ್ಯಾಮೆರಾ ಓಡಾಕತ್ತೈತಿ. ಗೋಕುಲ ರೋಡಿನ ಗ್ಯಾರೇಜು, ಹಿಂದ ಗ್ರೈಂಡರ್ ಸಪ್ಪಳ ಐತಿ, ಸಹಿಸ್ಕೊರ್ರಿ. ಫ್ಯೂಸ್ ಡಬ್ಬಿ ಮುಚ್ಚಳ ಹೆಂಗ ತಗದ್ರು ಅಂತ ನೀವ ನೋಡಾಕತ್ತೀರಿ, ಅದನ್ನೇನ್ ಹೇಳೂದು. ಮಾತು ಈ ಫೋಟೋದ್ದು. ಗಾಡಿ ಮಾಲೀಕರು ನಿನ್ನೆ ರಾತ್ರಿ ವಾಟ್ಸ್ಯಾಪ್ ಮಾಡ್ಯಾರ: "ಅಣ್ಣಾ, ಇದು ಎಷ್ಟರ ಫ್ಯೂಸ್? ಚಾರ್ಜರ್ ಸಾಕೆಟ್ಟಿಗೆ ಗಾಳಿ ಪಂಪ್ ಹಚ್ಚಿದ್ರ ಎರಡ ನಿಮಿಷಕ್ಕ ಹೋಗ್ತೈತಿ."

ಫೋಟೋದಾಗ ಕಂದು ಕಾಣ್ತೈತಿ. ಚಾರ್ಟ್ ಬಾಯಿಪಾಠ ಮಾಡಿದವ್ರು ತಟ್ನ 'ಏಳೂವರಿ ಆಂಪಿಯರ್' ಅಂತಾರ. ತಡೀರಿ. ಅದ ಕಂದು ದೊಡ್ಡ ಸೈಜಿನ ಮ್ಯಾಕ್ಸಿ ಫ್ಯೂಸಿನ್ಯಾಗ ಬಂದ್ರ 35. ಕೆಂಪು ಸಣ್ಣದ್ರಾಗ 10, ಮ್ಯಾಕ್ಸಿಯೊಳಗ 50. ನೀಲಿ ಸಣ್ಣದ್ರಾಗ 15, ಮ್ಯಾಕ್ಸಿಯೊಳಗ 60. ಬರೇ ಬಣ್ಣ ನಂಬಿದ್ರ ಕೆಲಸ ಕೆಟ್ಟಂಗ. ಹಂಗಂತ ಬಣ್ಣ ಸುಳ್ಳು ಅಂತನೂ ಅಲ್ಲ, ಹಳದಿ 20, ಹಸಿರು 30 ಎರಡೂ ಕಡೆ ಒಂದ ಐತಿ.

ಅದಕ್ಕ ಫೋಟೋ ಕಳಿಸವ್ರಿಗೆ ಒಂದ ಮಾತು: ಬಾಜೂಕ ಹತ್ತು ರೂಪಾಯಿ ನಾಣ್ಯ ಇಡ್ರಿ. ಅದರ ಅಗಲ 27 ಮಿಲಿಮೀಟರ್. ಫ್ಯೂಸು ನಾಣ್ಯದ ಅರ್ಧಕ್ಕಿಂತ ಸಣ್ಣದಿದ್ರ ಮಿನಿ, ಅಂದ್ರ ಸುಮಾರು 11 ಮಿಲಿಮೀಟರ್. ನಾಣ್ಯದ ಮುಕ್ಕಾಲಕಿಂತ ಸ್ವಲ್ಪ ಕಡಿಮಿ ಇದ್ರ 19ರ ಮಾಮೂಲಿ ಸೈಜು. ನಾಣ್ಯದಕಿಂತ ಚೂರು ದೊಡ್ಡದಿದ್ರ 29ರ ಮ್ಯಾಕ್ಸಿ. ಇವರು ಇಟ್ಟಾರ, ಪುಣ್ಯಾತ್ಮರು. ಅರ್ಧಕ್ಕಿಂತ ಸಣ್ಣದೈತಿ, ಮಿನಿ.

ಇನ್ನ ತಲಿನೋವು. ಇವರು ಮನ್ಯಾಗ ಹಳದಿ ಬಲ್ಬಿನ ಕೆಳಗ ಫೋಟೋ ಹೊಡದಾರ. ಹಳದಿ ಬೆಳಕಿನ್ಯಾಗ 5ರ ತಿಳಿಗಂದು ಕೆಂಪಗ ಆಗಿ 7.5ರ ಕಂದಿನಂಗ ಕಾಣ್ತೈತಿ, ಇಲ್ಲಾ 40ರ ಕಿತ್ತಳಿ ಆಗಿ ಕೂಡ್ತೈತಿ. ಬಣ್ಣ ಇಲ್ಲದ 25ರದ್ದಂತೂ ಬಿಸಿಗೆ ವರ್ಷಾನುಗಟ್ಟಲೆ ಹಳದಿಗಟ್ಟಿ, 20ರ ವೇಷ ಹಾಕ್ತೈತಿ. ಫೋನು ತನ್ನಷ್ಟಕ್ಕ ಬಣ್ಣ ತಿದ್ದತೈತಿ, ಅದಕ್ಕೇನು ಗೊತ್ತು ಇದು ಫ್ಯೂಸೋ ಮಿರ್ಚಿ ಭಜಿನೋ. (ಹೇಳಿದ ಕೂಡ್ಲೆ ಹಸಿವ್ಯಾತು ನೋಡ್ರಿ, ಗಿರ್ಮಿಟ್ ಆಮ್ಯಾಲ.) ಉಪಾಯ ಏನಂದ್ರ ಬಿಳಿ ಹಾಳಿ ಮ್ಯಾಲ ಇಡ್ರಿ, ಹಗಲು ಬೆಳಕಿನ್ಯಾಗ ಹೊಡೀರಿ. ಫೋಟೋದಾಗ ಹಾಳಿನ ಹಳದಿ ಕಂಡ್ರ, ಆ ಫೋಟೋದ ಬಣ್ಣ ಒಂದೂ ನಂಬಬ್ಯಾಡ್ರಿ.

ಬಣ್ಣ ಬಿಡ್ರಿ, ತಲಿ ಮ್ಯಾಲ ಅಂಕಿ ಒತ್ತಿರ್ತಾರ. ಎದುರಿಂದ ಫ್ಲ್ಯಾಶ್ ಹೊಡದ್ರ ಹೊಳಪಿಗೆ ಅಳಿಸಿಹೋಗ್ತೈತಿ. ಇನ್ನೊಂದ ಫೋನಿನ ಟಾರ್ಚ್ ಅಡ್ಡಕ್ಕ ಹಿಡೀರಿ, ಅಂಕಿ ನೆರಳು ಎದ್ದು ಕಾಣ್ತೈತಿ. ಇಗೋ, 7.5. ನಡುವಿನ ಚುಕ್ಕಿನೂ ಐತಿ.

ಅಂದ್ರ ಏಳೂವರಿನ ಹೊಸಾದು ಹಾಕಿಬಿಡೂದಾ? ಇಲ್ರೀ. ಫೋಟೋ ಹೇಳೂದು ಈಗ ಏನ್ ಹಾಕ್ಯಾರ ಅಂತ, ಏನ್ ಇರಬೇಕಿತ್ತು ಅಂತ ಅಲ್ಲ. ಮುಚ್ಚಳದ ಒಳಗಿನ ಚಿತ್ರ ನೋಡ್ರಿ, ಆ ಜಾಗಕ್ಕ 15 ಅಂತ ಬರದೈತಿ. ಯಾರೋ ಮೊದಲ ಕೈಗೆ ಸಿಕ್ಕಿದ್ದು ತುರುಕ್ಯಾರ. ಪಂಪಿನ ಮ್ಯಾಲ 120 ವ್ಯಾಟ್, 12 ವೋಲ್ಟಿಗೆ 10 ಆಂಪಿಯರ್ ಎಳೀತೈತಿ. ಏಳೂವರಿ ಫ್ಯೂಸಿಗೆ ಇದು ಒಂದೂಕಾಲು ಪಟ್ಟಿಗಿಂತ ಹೆಚ್ಚು. ಅದಕ್ಕ ಹಚ್ಚಿದ ಕ್ಷಣ ಹೋಗಂಗಿಲ್ಲ, ಬಿಸಿ ಹತ್ತಿ, ಎರಡ ನಿಮಿಷಕ್ಕ ಕೈ ಕೊಡ್ತೈತಿ. ಶಾರ್ಟ್ ಇದ್ರ ಕಣ್ಣು ಮಿಟುಕಿಸೂದ್ರಾಗ ಹೋಗ್ತಿತ್ತು.

ಮುಚ್ಚಳದಾಗ 7.5 ಇದ್ದಿದ್ರ ಮಾತ್ರ 15ರ ನೀಲಿ ಹಾಕ್ತಿದ್ದಿಲ್ಲ, ಹಾಕಿದ್ರ ಫ್ಯೂಸು ಹೋಗೂಕಿಂತ ಮೊದಲ ತಂತಿ ಬಿಸಿ ಆಗ್ತಿತ್ತು.

ಅರೆ, ಗಾಜಿನ ಫ್ಯೂಸಿಂದು ಕೇಳಿದವ್ರು ಭಾಳ ಅದಾರ, ಶಾಟ್ ಮುಗಿಯೂದ್ರಾಗ ಹೇಳಿಬಿಡ್ತೀನಿ. ಹಳೆ ಡೆಕ್ಕು, ಆಂಪ್ಲಿಫೈಯರ್ ವೈರಿನ್ಯಾಗ ಬರೂ ಗಾಜಿಗೆ ಸಾಮಾನ್ಯವಾಗಿ ಬಣ್ಣ ಇರಂಗಿಲ್ಲ. ಲೋಹದ ಟೋಪಿ ತಿರಿವಿ ಫೋಟೋ ಹೊಡೀರಿ, ಆಂಪಿಯರ್ ಅಲ್ಲೇ ಬರದಿರ್ತೈತಿ. ಮೊದಲಿನ ಅಕ್ಷರ F ಇದ್ರ ತಟ್ನ ಹೋಗೂದು, T ಇದ್ರ ತಡದು ಹೋಗೂದು. ಉದ್ದನೂ ನೋಡ್ರಿ, 20 ಮಿಲಿಮೀಟರಿಂದು ಮನಿ ಸಾಮಾನಿಂದು ಇರ್ತೈತಿ, 32ರದ್ದು ಗಾಡ್ಯಾಗ ಹೆಚ್ಚು. ಸಣ್ಣ ಗಾಜಿನ ಮ್ಯಾಲ ಬಣ್ಣದ ಪಟ್ಟಿ ಕಂಡ್ರ ಮಿಲಿಆಂಪಿಯರ್ ಲೆಕ್ಕ. ಕಂದು, ಕಪ್ಪು, ಕೆಂಪು ಅಂದ್ರ 10ರ ಮುಂದ ಎರಡ ಸೊನ್ನಿ, 1000, ಅಂದ್ರ 1 ಆಂಪಿಯರ್. ಕಡೀಕಿನ ಅಗಲ ಪಟ್ಟಿ ನೀಲಿ ಇದ್ರ ತಡದು ಹೋಗೂದು, ಕೆಂಪಿದ್ರ ತಟ್ನ.

ಬಂತು ನೋಡ್ರಿ, ನೀಲಿ ಮಿನಿ ಕುಂತಿತು. ಪಂಪ್ ಹಚ್ಚೀವಿ, ಐದ ನಿಮಿಷ ಆತು, ಹೋಗಿಲ್ಲ. ಸಾಕೆಟ್ ಮುಟ್ಟಿದ್ರ ಬೆಚ್ಚಗೈತಿ, ಸುಡಾಕತ್ತಿಲ್ಲ.