ಅತಿಥಿಯ ಹೆಸರಿನ ಮುಂದೆ ಏನು ಸೇರಿಸಬೇಕು?

ನಮಸ್ಕಾರ. ಈಗ ಕಾಲೇಜುಗಳಲ್ಲಿ ಗ್ಯಾದರಿಂಗ್ ಸಮಯ. ವಾರ್ಷಿಕೋತ್ಸವಕ್ಕೆ ನಮ್ಮ ಕಲಬುರಗಿ, ಬೀದರ್ ಕಡೆ ಹಾಗೇ ಅನ್ನುವುದು, ಅಲ್ವಾ. ಮುಖ್ಯ ಅತಿಥಿಯ ಪರಿಚಯ ಮಾಡುವ ಕೆಲಸ ನಿಮಗೆ ಬಂದಿದ್ದರೆ ಈ ಮಾತು ನಿಮಗೇ.

ನಾನು ಓದುವಾಗ ಒಬ್ಬ ಕುಲಪತಿಗಳನ್ನು ವೇದಿಕೆಯ ಮೇಲೆ 'ಕುಲಾಧಿಪತಿಗಳು' ಅಂದುಬಿಟ್ಟೆ. ಅವರು ಮೈಕ್ ಹಿಡಿದು, "ಕುಲಾಧಿಪತಿ ಅಂದರೆ ರಾಜ್ಯಪಾಲರಪ್ಪಾ, ನಾನು ಕುಲಪತಿ" ಅಂದರು. ಮೆಲ್ಲಗೇ ಅಂದರು, ಆದರೂ ನನಗೆ ಇಂದಿಗೂ ನೆನಪಿದೆ. ಸಂಸ್ಥೆಯ ಹೆಸರೂ ಹಾಗೇ. ಊರು 2014ರಲ್ಲಿ ಕಲಬುರಗಿ ಆಯಿತು, ವಿಶ್ವವಿದ್ಯಾಲಯದ ಹೆಸರು ಮಾತ್ರ ಗುಲಬರ್ಗಾ ಅಂತಲೇ ಉಳಿಯಿತು. ಅದಕ್ಕೇ ಹುದ್ದೆ, ಸಂಸ್ಥೆ ಎರಡನ್ನೂ ಅತಿಥಿಗಳ ಹತ್ತಿರವೇ ಕೇಳಿ, ಚೀಟಿಯಲ್ಲಿ ಬರೆದು, ಒಮ್ಮೆ ಅವರಿಗೇ ಓದಿ ಹೇಳಿ. ಸಹಾಯಕ ಪ್ರಾಧ್ಯಾಪಕರನ್ನು ಪ್ರಾಧ್ಯಾಪಕರು ಅಂದರೆ ಅವರಿಗೇ ಮುಜುಗರ.

ಇನ್ನು ಪ್ರಶಸ್ತಿ. ಎಲ್ಲರೂ ಜಾಸ್ತಿ ಎಡವುವುದು ಇಲ್ಲೇ. ಬೀದರಿನ ಬಿದರಿ ಕಲಾವಿದರಾದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಅಂಥವರು ಅತಿಥಿಯಾಗಿ ಬಂದರೆ ಹೆಸರಿನ ಮುಂದೆ 'ಪದ್ಮಶ್ರೀ' ಅಂಟಿಸಲು ಬಾಯಿ ತಾನಾಗಿಯೇ ಓಡುತ್ತದೆ. ಹಾಗೆ ಮಾಡಬಾರದು. ಪದ್ಮ ಪ್ರಶಸ್ತಿಗಳು ಬಿರುದುಗಳಲ್ಲ, ಹೆಸರಿನ ಹಿಂದೆ ಮುಂದೆ ಸೇರಿಸಬಾರದು ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಹಾಗಂತ ಮುಚ್ಚಿಡಬೇಕಿಲ್ಲ, ಅದನ್ನು ಒಂದು ವಾಕ್ಯ ಮಾಡಿ ಹೇಳಿ. 'ಡಾಕ್ಟರ್' ಅನ್ನುವುದೂ ಅಷ್ಟೇ. ಅದು ವೈದ್ಯರದೋ, ಪಿಎಚ್‌.ಡಿ.ಯದೋ, ಗೌರವ ಡಾಕ್ಟರೇಟೋ ಅಂತ ಕೇಳಿ ತಿಳಿದುಕೊಳ್ಳಿ. ಗೌರವ ಡಾಕ್ಟರೇಟ್ ಆದರೆ ಅದನ್ನೂ ವಾಕ್ಯದಲ್ಲೇ ಹೇಳುವುದು ಒಳ್ಳೆಯ ರೂಢಿ.

ಆದರೆ ಬರೀ ಪದವಿ ಓದಿದರೆ ಸಭೆಗೆ ಆತ್ಮೀಯತೆ ತಟ್ಟುವುದಿಲ್ಲ. ಅದು ಬರುವುದು ಅವರ ಕೈಕೆಲಸದ ಒಂದು ಚೂರನ್ನು ಕಣ್ಣಿಗೆ ಕಟ್ಟಿದಾಗ. ಬಿದರಿ ಕಲಾವಿದರನ್ನು ನಾನಾದರೆ ಹೀಗೆ ಪರಿಚಯಿಸುತ್ತೇನೆ:

"ಸತು, ತಾಮ್ರ ಬೆರೆಸಿ ಎರಕ ಹೊಯ್ದ ಹೂಜಿ. ಅದರ ಮೇಲೆ ಉಳಿಯಿಂದ ಗೀರಿದ ಬಳ್ಳಿ, ಆ ಗೀರಿನೊಳಗೆ ಬಡಿದು ಕೂರಿಸಿದ ಬೆಳ್ಳಿ ತಂತಿ. ಆಮೇಲೆ ನಮ್ಮ ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ಮೆತ್ತಿದರೆ ಹೂಜಿ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹೊಳೆಯುತ್ತಲೇ ಇರುತ್ತದೆ. ಈ ಕೆಲಸದಲ್ಲಿ ಕೈ ಪಳಗಿಸಿಕೊಂಡು, 2023ರಲ್ಲಿ ಪದ್ಮಶ್ರೀ ಪುರಸ್ಕಾರ ಪಡೆದವರು, ಇಂದಿನ ನಮ್ಮ ಮುಖ್ಯ ಅತಿಥಿಗಳು, ಶ್ರೀ ಶಾ ರಶೀದ್ ಅಹ್ಮದ್ ಖಾದ್ರಿ ಅವರು."

ನೋಡಿ, ಹೆಸರು ಕೊನೆಗೆ ಬಂತು. ಮೊದಲೇ ಹೇಳಿದರೆ ಚಪ್ಪಾಳೆ ಬಿದ್ದು ಮುಂದಿನ ಮಾತು ಯಾರಿಗೂ ಕೇಳಿಸುವುದಿಲ್ಲ. ಇಷ್ಟು ಹೇಳಲು ಒಂದು ನಿಮಿಷವೂ ಬೇಡ. ಉರ್ದು, ಮರಾಠಿ, ತೆಲುಗು ಹೆಸರುಗಳು ನಮ್ಮ ಕಡೆ ಜಾಸ್ತಿ, ಹಾಗಾಗಿ ಉಚ್ಚಾರಣೆಯನ್ನು ಅವರ ಬಾಯಿಂದಲೇ ಕೇಳಿ, ಕಾರ್ಯಕ್ರಮದ ಹಿಂದಿನ ರಾತ್ರಿ ನಾಲ್ಕು ಸಲ ಜೋರಾಗಿ ಹೇಳಿ ನೋಡಿ. ಹೆಸರು ಹೇಳಿದ ಕೂಡಲೇ ಮೈಕ್‌ನಿಂದ ಒಂದು ಹೆಜ್ಜೆ ಹಿಂದೆ ಸರಿಯಿರಿ, ಚಪ್ಪಾಳೆ ಅವರಿಗೆ ಸೇರಲಿ. ನಮಸ್ಕಾರ.