ಮರಳಿದ ಹತ್ತು ಚೀಲ, ಮರಳದ ಇಪ್ಪತ್ತು ಚೀಲ: ಕ್ರೆಡಿಟ್ ನೋಟ್ ಬರೆಯುವ ಕ್ರಮ

ನಮಸ್ಕಾರ. ಈಗ ನೀವು ನೋಡುತ್ತಿರುವುದು ಕಲಬುರಗಿಯ ನೆಹರು ಗಂಜ್. ಇಲ್ಲಿಂದ ತೊಗರಿಬೇಳೆ ಬೀದರ್, ಯಾದಗಿರಿ ಕಡೆಯ ಕಿರಾಣಿ ಅಂಗಡಿಗಳಿಗೆ ದಿನವೂ ಹೋಗುತ್ತದೆ, ಹೋದದ್ದರಲ್ಲಿ ಸ್ವಲ್ಪ ಮರಳಿಯೂ ಬರುತ್ತದೆ. ಹೀಗೆ ಮಾಲು ಭಾಗಶಃ ವಾಪಸಾದಾಗ ಲೆಕ್ಕದ ಪುಸ್ತಕ ಒಂದು ಹೇಳಿ ಗೋದಾಮು ಇನ್ನೊಂದು ಹೇಳದಂತೆ ಕ್ರೆಡಿಟ್ ನೋಟ್, ಅಂದರೆ ಮೂಲ ಬಿಲ್ಲಿನ ಮೊತ್ತವನ್ನು ಇಳಿಸಿ ಗ್ರಾಹಕರಿಗೆ ಕೊಡುವ ಚೀಟಿ, ಬರೆಯುವುದು ಹೇಗೆ ಎಂಬುದನ್ನು ಇವತ್ತು ಒಂದೇ ಬಿಲ್ಲಿನ ಉದಾಹರಣೆಯಿಂದ ತೋರಿಸುತ್ತೇನೆ. ಸುಲಭವಾಗಿ ಅರ್ಥವಾಗಲೆಂದು ಅಂಕಿಗಳನ್ನು ದುಂಡಾಗಿ ಇಟ್ಟುಕೊಂಡಿದ್ದೇನೆ.

ಇಲ್ಲಿಯ ಒಬ್ಬ ವ್ಯಾಪಾರಿ ಬೀದರ್‌ನ ಜಿಎಸ್‌ಟಿ ನೋಂದಣಿಯುಳ್ಳ ಅಂಗಡಿಯೊಂದಕ್ಕೆ 10 ಕೆಜಿಯ 100 ಚೀಲ ಬೇಳೆ ಮಾರಿದ್ದಾರೆ ಎಂದುಕೊಳ್ಳೋಣ. ಚೀಲಕ್ಕೆ 1,200 ರೂಪಾಯಿಯಂತೆ 1,20,000, ಅದರ ಮೇಲೆ ಶೇ 5ರಂತೆ ತೆರಿಗೆ 6,000, ಒಟ್ಟು 1,26,000 ರೂಪಾಯಿ. ಅಂಗಡಿಯವರು ಪೂರ್ತಿ ಹಣ ಕೊಟ್ಟಿದ್ದಾರೆ. ವ್ಯಾಪಾರಿಯ ಖರೀದಿ ಬೆಲೆ ಚೀಲಕ್ಕೆ 1,080. ವಾರದ ನಂತರ ಅಂಗಡಿಯವರು 10 ಚೀಲ ವಾಪಸು ಕಳುಹಿಸುತ್ತಾರೆ. ಇನ್ನೂ 20 ಚೀಲಗಳಲ್ಲಿ ನುಚ್ಚು ಹೆಚ್ಚಾಗಿದೆ, ಚೀಲಕ್ಕೆ 60 ರೂಪಾಯಿ ಬಿಟ್ಟರೆ ಇಟ್ಟುಕೊಳ್ಳುತ್ತೇವೆ ಎನ್ನುತ್ತಾರೆ. ವ್ಯಾಪಾರಿ ಒಪ್ಪುತ್ತಾರೆ.

ಮರಳಿದ ಚೀಲಗಳ ಬೆಲೆ 12,000, ಬಿಟ್ಟುಕೊಟ್ಟ ದರ 1,200, ಎರಡೂ ಸೇರಿ 13,200. ಈ ಮೊತ್ತ ಸರಿಯಾಗಿ 11 ಚೀಲದ ಬೆಲೆಗೆ ಸಮ. ಆದ್ದರಿಂದಲೇ ಕೆಲವು ಗುಮಾಸ್ತರು ಒಂದೇ ಕ್ರೆಡಿಟ್ ನೋಟಿನಲ್ಲಿ 11 ಚೀಲ ವಾಪಸು ಎಂದು ಬರೆದು ಮುಗಿಸಿಬಿಡುತ್ತಾರೆ. ಗ್ರಾಹಕರ ಖಾತೆಯೂ ತೆರಿಗೆಯೂ ಸರಿಯಾಗಿಯೇ ಕಾಣುವುದರಿಂದ ತಪ್ಪು ಕೂಡಲೇ ಗೊತ್ತಾಗುವುದಿಲ್ಲ. ಆದರೆ ಗೋದಾಮಿಗೆ ಬಂದದ್ದು ಹತ್ತೇ ಚೀಲ. ಗೋದಾಮಿನಲ್ಲಿ ಇಲ್ಲದ ಒಂದು ಚೀಲ ಪುಸ್ತಕದಲ್ಲಿ ಇದೆ ಎಂದಾಗಿ, ಅದರ ಖರೀದಿ ಬೆಲೆಯಾದ 1,080 ರೂಪಾಯಿಯಷ್ಟು ಲಾಭ ಸುಳ್ಳಾಗಿ ಹೆಚ್ಚುತ್ತದೆ. ವರ್ಷದ ಕೊನೆಗೆ ಚೀಲ ಎಣಿಸಿದಾಗ ಒಂದು ಕಡಿಮೆ ಬಂದು, ಹಮಾಲರ ಮೇಲೆ ಅನುಮಾನ ಬೀಳುವುದೂ ಉಂಟು. ಇದು ನನಗೆ ಬಹಳ ಬೇಸರ ತರುವ ಸಂಗತಿ.

ಆದ್ದರಿಂದ ನಾನು ಎರಡು ಪ್ರತ್ಯೇಕ ನೋಟ್ ಬರೆಯುತ್ತೇನೆ. ಪರದೆಯ ಮೇಲೆ ಲೆಕ್ಕ ಬರೆಯುವ ತಂತ್ರಾಂಶವಾದ ಟ್ಯಾಲಿ ಪ್ರೈಮ್ ಇದೆ. `Alt+F6` ಒತ್ತಿದರೆ ಕ್ರೆಡಿಟ್ ನೋಟ್ ತೆರೆಯುತ್ತದೆ. ಮೊದಲ ನೋಟಿನಲ್ಲಿ ಮೂಲ ಬಿಲ್ಲಿನ ಸಂಖ್ಯೆ ಮತ್ತು ದಿನಾಂಕ ನಮೂದಿಸಿ, ಬೇಳೆಯ ಹೆಸರಿನ ಮುಂದೆ 10 ಚೀಲ, ದರ 1,200, ತೆರಿಗೆ 600 ಎಂದು ಬರೆಯಬೇಕು. ಎರಡನೆಯದರಲ್ಲಿ `Ctrl+H` ಒತ್ತಿ `Accounting Invoice` ಆರಿಸಿಕೊಂಡರೆ ಮಾಲಿನ ಪ್ರಮಾಣ ಕೇಳುವುದಿಲ್ಲ. ಅಲ್ಲಿ ದರ ವ್ಯತ್ಯಾಸದ ಖಾತೆಗೆ 1,200, ತೆರಿಗೆ 60 ಹಾಕಬೇಕು. ಆಗ ಎರಡನೆಯ ನೋಟ್ ಹಣವನ್ನಷ್ಟೇ ಮುಟ್ಟುತ್ತದೆ, ದಾಸ್ತಾನನ್ನು ಮುಟ್ಟುವುದಿಲ್ಲ. ಮರಳಿದ ಚೀಲಗಳು ದಾಸ್ತಾನಿನಲ್ಲಿ ಖರೀದಿ ಬೆಲೆಗೇ ಕೂರಬೇಕು, ಮಾರಾಟದ ದರಕ್ಕಲ್ಲ.

ಕ್ರೆಡಿಟ್ ನೋಟ್ ಬರೆದ ಮಾತ್ರಕ್ಕೆ ಹಣ ಹಿಂದಿರುಗಿದಂತಾಗುವುದಿಲ್ಲ. ನಾವು ಅಂಗಡಿಯವರಿಗೆ 13,860 ರೂಪಾಯಿ ಕೊಡಬೇಕಾಗಿದೆ ಎಂದಷ್ಟೇ ಅದು ಹೇಳುತ್ತದೆ. ವ್ಯಾಪಾರಿ 10,000ವನ್ನು ಬ್ಯಾಂಕಿನಿಂದ ಕಳುಹಿಸಿ ಉಳಿದದ್ದನ್ನು ಮುಂದಿನ ಬಿಲ್ಲಿನಲ್ಲಿ ನೋಡೋಣ ಎಂದರೆ, ಕಳುಹಿಸಿದ್ದಕ್ಕೆ ಪಾವತಿ ವೋಚರ್ ಬರೆದು, 3,860ನ್ನು ಅವರ ಖಾತೆಯಲ್ಲಿ ಜಮೆಯಾಗಿಯೇ ಉಳಿಸಬೇಕು. ಮುಂದಿನ ಬಿಲ್ಲನ್ನು ಪೂರ್ಣ ಬೆಲೆಗೇ ಬರೆದು, ಹಣ ವಸೂಲು ಮಾಡುವಾಗ ಆ ಜಮೆಯನ್ನು ಕಳೆಯಬೇಕು. ಬಿಲ್ಲಿನಲ್ಲೇ ದರ ಇಳಿಸಿದರೆ ಒಂದೇ ರಿಯಾಯಿತಿ ಎರಡು ಸಲ ಲೆಕ್ಕಕ್ಕೆ ಬಂದು, ಮಾರಾಟವೂ ತೆರಿಗೆಯೂ ಕಡಿಮೆಯಾಗಿಬಿಡುತ್ತವೆ.

ಸರಿಯಾಗಿದೆಯೇ ಎಂದು ನೋಡಲು ನಾನು ಮೂರು ಕಡೆ ಕಣ್ಣು ಹಾಯಿಸುತ್ತೇನೆ. ಈ ಬಿಲ್ಲಿನ ನಿವ್ವಳ ಮಾರಾಟ 1,06,800 ಇರಬೇಕು, ಅದರ ಶೇ 5 ಅಂದರೆ 5,340 ನಿವ್ವಳ ತೆರಿಗೆಯಾಗಿರಬೇಕು, ಹೊರಹೋದ ಚೀಲಗಳು 90 ಇರಬೇಕು. ಮೊದಲ ಎರಡು ಹೊಂದಿ ಮೂರನೆಯದು 89 ಎಂದು ತೋರಿಸಿದರೆ, ದರ ವ್ಯತ್ಯಾಸವನ್ನು ಯಾರೋ ಚೀಲವಾಗಿ ಬರೆದಿದ್ದಾರೆ ಎಂದು ತಿಳಿಯಬೇಕು.

ಎರಡೂ ನೋಟುಗಳು ಮಾರಾಟದ ವಿವರ ಸಲ್ಲಿಸುವ ರಿಟರ್ನ್ ಆದ ಜಿಎಸ್‌ಟಿಆರ್-1ರಲ್ಲಿ ಹೋಗಬೇಕು. ಆರ್ಥಿಕ ವರ್ಷ ಮುಗಿದ ನಂತರದ ನವೆಂಬರ್ 30 ಅಥವಾ ವಾರ್ಷಿಕ ರಿಟರ್ನ್ ಸಲ್ಲಿಸಿದ ದಿನ, ಇವುಗಳಲ್ಲಿ ಯಾವುದು ಮೊದಲೋ ಅದರೊಳಗೆ ತೋರಿಸದಿದ್ದರೆ ಈ 660 ರೂಪಾಯಿ ತೆರಿಗೆಯನ್ನು ಇಳಿಸಿಕೊಳ್ಳಲಾಗುವುದಿಲ್ಲ. ಬೀದರ್‌ನ ಅಂಗಡಿಯವರೂ ಖರೀದಿಗೆ ಕೊಟ್ಟ ತೆರಿಗೆಯನ್ನು ಕಳೆದುಕೊಳ್ಳಲು ತಾವು ಪಡೆದಿದ್ದ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್‌ನಲ್ಲಿ ಅಷ್ಟನ್ನು ಹಿಂದಿರುಗಿಸಿರಬೇಕು. ಫೋನು ಮಾಡಿ ಕೇಳಿಕೊಳ್ಳುವುದು ಒಳ್ಳೆಯದು.

ಇನ್ನು ಮರಳಿದ ಹತ್ತರಲ್ಲಿ ಎರಡು ಚೀಲಕ್ಕೆ ನೀರು ತಾಗಿ ಬೇಳೆ ಕೆಟ್ಟಿದೆ ಎನ್ನೋಣ. ಆಗಲೂ ನೋಟಿನಲ್ಲಿ ಹತ್ತೇ ಬರೆಯಬೇಕು, ಏಕೆಂದರೆ ಬಂದದ್ದು ಹತ್ತು. ಅನಂತರ ಆ ಎರಡನ್ನು ಬೇರೆ ವೋಚರಿನಿಂದ ಹಾಳಾದ ಮಾಲಿನ ಗೋದಾಮಿಗೆ ಸರಿಸಬೇಕು. ಎಸೆಯುವುದಾದರೆ 2,160 ರೂಪಾಯಿಯನ್ನು ನಷ್ಟಕ್ಕೆ ಬರೆದು, ಅವುಗಳ ಖರೀದಿಯ ಮೇಲೆ ಪಡೆದಿದ್ದ 108 ರೂಪಾಯಿಯ ಕ್ರೆಡಿಟ್ಟನ್ನೂ ಹಿಂದಿರುಗಿಸಬೇಕು. ಕಡಿಮೆ ದರಕ್ಕೆ ತೆರಿಗೆ ಹಾಕಿ ಮಾರಿದರೆ ಆ 108ನ್ನು ಹಿಂದಿರುಗಿಸಬೇಕಾಗಿಲ್ಲ.