ಹಗಲು ನಿದ್ದೆಗೂ ಸೊಳ್ಳೆ ಪರದೆ: ಅಡಿಕೆ ತೋಟದ ಮನೆಯಲ್ಲಿ ಐದು ತಿಂಗಳ ಪಾಪು

ನಮಸ್ಕಾರ. ಇದು ಪುತ್ತೂರಿನ ಹತ್ತಿರ ಇರುವ ನನ್ನ ತವರುಮನೆ. ಜಗಲಿಯಿಂದ ಇಳಿದರೆ ಅಂಗಳ, ಅಂಗಳ ದಾಟಿದರೆ ಅಡಿಕೆ ತೋಟ. ಮಳೆಗಾಲ ಅರ್ಧ ಕಳೆದಿದೆ. ಬಾಣಂತನಕ್ಕೆಂದು ಬಂದವಳು ಪಾಪುವಿಗೆ ಐದು ತಿಂಗಳಾದರೂ ಇಲ್ಲೇ ಇದ್ದೇನೆ. ಹೆರಿಗೆ ರಜೆಗೆ ಮುಂಚೆ ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿದ್ದೆ. ಹಾಗಾಗಿ ನಮ್ಮ ದಿನ ಹೇಗೆ ಸಾಗುತ್ತದೆ ಎಂದು ತೋರಿಸಲು ಹೊರಟರೆ ಮಾತು ತಾನಾಗಿ ಸೊಳ್ಳೆಯ ಕಡೆಗೆ ತಿರುಗುತ್ತದೆ.

ಈಗ ತೆರೆಯ ಮೇಲೆ ಕಾಣುತ್ತಿರುವುದು ತೋಟದಲ್ಲಿ ಬಿದ್ದ ಒಂದು ಅಡಿಕೆ ಹಾಳೆ. ಅದರ ತಗ್ಗಿನಲ್ಲಿ ನಿಂತ ನೀರು ಒಂದು ಲೋಟದಷ್ಟೂ ಇಲ್ಲ. ಕ್ಯಾಮೆರಾವನ್ನು ಇನ್ನೂ ಹತ್ತಿರ ತಂದಿದ್ದೇನೆ. ಆ ನೀರಿನಲ್ಲಿ ತಲೆ ಕೆಳಗಾಗಿ ತೂಗುತ್ತಿರುವ, ನೆರಳು ಬಿದ್ದೊಡನೆ ಕೊಂಕಿಕೊಂಡು ತಳಕ್ಕೆ ಇಳಿಯುವ ಹುಳುಗಳೇ ಈಡಿಸ್ ಸೊಳ್ಳೆಯ ಮರಿಗಳು. ಮೊಟ್ಟೆ ಹಾರುವ ಸೊಳ್ಳೆಯಾಗಲು ಇಲ್ಲಿನ ಸೆಕೆಯಲ್ಲಿ ವಾರದಿಂದ ಹತ್ತು ದಿನ ಸಾಕು. ಅದಕ್ಕೇ ಅಪ್ಪ ವಾರಕ್ಕೊಮ್ಮೆ ಹಾಳೆಗಳನ್ನು ಮಗುಚಿ ಹಾಕುತ್ತಾರೆ, ಗೆರಟೆಗಳನ್ನು ಕವುಚಿಡುತ್ತಾರೆ. ಆದರೆ ಇಡೀ ತೋಟವನ್ನು ಮಗುಚಲು ಯಾರಿಂದಲೂ ಆಗದು. ಪಕ್ಕದ ರಬ್ಬರ್ ತೋಟದಲ್ಲಿ ಮರದ ಹಾಲು ಹಿಡಿಯಲು ಕಟ್ಟಿದ, ಮಳೆನೀರು ನಿಲ್ಲುವ ಚಿಪ್ಪುಗಳು ನಮ್ಮ ಕೈಯಲ್ಲಿಲ್ಲ. ಸೊಳ್ಳೆ ಇದ್ದೇ ಇರುತ್ತದೆ ಎಂದುಕೊಂಡೇ ಮಗುವನ್ನು ಕಾಯಬೇಕು.

ಡೆಂಗಿ ಮತ್ತು ಚಿಕುನ್‌ಗುನ್ಯಾ ಹರಡುವ ಈ ಸೊಳ್ಳೆ ಕಚ್ಚುವುದು ಮುಖ್ಯವಾಗಿ ಹಗಲಿನಲ್ಲಿ. ಬಿಸಿಲೇರುವ ಮುಂಚಿನ ಬೆಳಗಿನ ಹೊತ್ತು ಮತ್ತು ಸಂಜೆ ಕತ್ತಲಾಗುವ ಮುಂಚಿನ ಹೊತ್ತು ಅದಕ್ಕೆ ಪ್ರಶಸ್ತ. ಮಲೇರಿಯಾದ ಅನಾಫಿಲಿಸ್ ರಾತ್ರಿಯದು. ನಮ್ಮ ಮನೆಗಳಲ್ಲಿ ಪರದೆ ಬಿಚ್ಚಿಕೊಳ್ಳುವುದು ರಾತ್ರಿ ಊಟವಾದ ಮೇಲೆ. ಐದು ತಿಂಗಳ ಮಗುವಾದರೋ ಹಗಲಿನಲ್ಲೂ ಮೂರು ನಾಲ್ಕು ಸಲ ಮಲಗುತ್ತದೆ. ಆ ನಿದ್ದೆಗೆ ಪರದೆ ಕಟ್ಟುವವರನ್ನು ನಾನು ಕಂಡದ್ದು ಕಡಿಮೆ.

ಈ ವಯಸ್ಸಿಗೆ ಇನ್ನೊಂದು ತೊಡಕಿದೆ. ನನಗೆ ಕಾಲೇಜಿನಲ್ಲಿದ್ದಾಗ ಡೆಂಗಿ ಬಂದಿತ್ತು. ಹಾಗೆ ಒಮ್ಮೆ ಬಂದ ತಾಯಿಯ ಮೈಯಲ್ಲಿ ಆ ವೈರಾಣುವಿನ ವಿರುದ್ಧ ಹುಟ್ಟಿದ ಪ್ರತಿಕಾಯಗಳು ಗರ್ಭದಲ್ಲೇ ಮಗುವಿಗೆ ಸಿಗುತ್ತವೆ. ಮೊದಲ ಕೆಲವು ತಿಂಗಳು ಅವು ಕಾವಲಾಗಿರುತ್ತವೆ. ಆಮೇಲೆ ಅವುಗಳ ಮಟ್ಟ ಇಳಿಯುತ್ತಾ ಬಂದು, ವೈರಾಣುವನ್ನು ತಡೆಯಲು ಸಾಲದ, ಆದರೆ ಅದಕ್ಕೆ ಅಂಟಿಕೊಂಡು ಅದು ಜೀವಕೋಶದೊಳಗೆ ನುಗ್ಗಲು ನೆರವಾಗುವ ಹಂತವೊಂದು ಬರುತ್ತದೆ. ಆರು ತಿಂಗಳ ಆಸುಪಾಸಿನ ಕೂಸುಗಳಿಗೆ ಮೊದಲ ಸಲ ಡೆಂಗಿ ಬಂದರೂ ಅದು ತೀವ್ರವಾಗುವುದಕ್ಕೆ ಇದೊಂದು ಕಾರಣ. ನನ್ನ ಮಗಳು ಈಗ ಆ ಹೊಸ್ತಿಲಲ್ಲಿದ್ದಾಳೆ.

ಇನ್ನು ಅವಳ ದಿನ. ಬೆಳಗ್ಗೆ ಎಂಟಕ್ಕೆ ಅಜ್ಜಿ ಕಾಲು ನೀಡಿ ಕುಳಿತು ಎಣ್ಣೆ ಹಚ್ಚಿ ಮೀಯಿಸುತ್ತಾರೆ. ಅರೆಗತ್ತಲ ಬಚ್ಚಲು, ಮೂಲೆಯಲ್ಲಿ ನೀರಿನ ಹಂಡೆ, ಮೈಮೇಲೆ ನೂಲೂ ಇಲ್ಲದ ಮಗು, ಅದೂ ಸೊಳ್ಳೆಗೆ ಹಸಿವಾಗುವ ಹೊತ್ತಿನಲ್ಲಿ. ಸ್ನಾನವನ್ನು ಬಿಡುವಂತಿಲ್ಲ, ಅಜ್ಜಿ ಬಿಡುವವರೂ ಅಲ್ಲ. ಈಗ ಎಣ್ಣೆ ಹಚ್ಚುವ ಕೆಲಸ ಕಿಟಕಿಗೆ ಜಾಲರಿ ಇರುವ ಕೋಣೆಯಲ್ಲಿ, ಫ್ಯಾನಿನ ಕೆಳಗೆ ನಡೆಯುತ್ತದೆ. ಸೊಳ್ಳೆ ದುರ್ಬಲ ಹಾರಾಟಗಾರ, ಫ್ಯಾನಿನ ಗಾಳಿಗೆ ಎದುರಾಗಿ ಬಂದು ಕೂರುವುದು ಅದಕ್ಕೆ ಕಷ್ಟ. ಬಚ್ಚಲಿನ ಹಂಡೆಗೆ ಮುಚ್ಚಳ ಬಂದಿದೆ, ವಾರಕ್ಕೊಮ್ಮೆ ಅದರ ಒಳಗೋಡೆಯನ್ನು ತಿಕ್ಕಿ ತೊಳೆಯುತ್ತೇವೆ. ಬರೀ ನೀರು ಚೆಲ್ಲಿದರೆ ಸಾಲದು. ಮೊಟ್ಟೆಗಳು ಪಾತ್ರೆಯ ಗೋಡೆಗೇ ಅಂಟಿಕೊಂಡು, ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ.

ಸ್ನಾನದ ನಂತರ ಬಟ್ಟೆ. ತೆಳ್ಳನೆಯ ಬಟ್ಟೆ ಮೈಗೆ ಬಿಗಿದು ಕೂತರೆ ಸೊಳ್ಳೆ ಅದರ ಮೇಲಿನಿಂದಲೇ ಚುಚ್ಚುತ್ತದೆ. ಅದಕ್ಕೆ ಸಡಿಲವಾದ, ತಿಳಿಬಣ್ಣದ, ತುಂಬುತೋಳಿನ ಹತ್ತಿಯ ಅಂಗಿ ಮತ್ತು ಪಾದದವರೆಗಿನ ಚಡ್ಡಿ. ಕಡುಬಣ್ಣಕ್ಕೆ ಈಡಿಸ್ ಹೆಚ್ಚು ಎರಗುತ್ತದೆ. ಚಡ್ಡಿಯ ಅಂಚಿಗೂ ಕಾಲುಚೀಲಕ್ಕೂ ನಡುವೆ ಎರಡು ಬೆರಳು ಚರ್ಮ ಕಾಣುತ್ತಿದೆಯಲ್ಲ, ಕಡಿತದ ಗುರುತುಗಳು ಹೆಚ್ಚಾಗಿ ಕಾಣುವುದು ಅಲ್ಲೇ. ಹಾಗೆಂದು ಕರಾವಳಿಯ ಸೆಕೆಯಲ್ಲಿ ಪದರದ ಮೇಲೆ ಪದರ ಹಾಕಿದರೆ ಬೆವರುಸಾಲೆ ಖಂಡಿತ. ಕತ್ತಿನ ಹಿಂಭಾಗ ಮುಟ್ಟಿ ನೋಡುತ್ತೇನೆ. ಬೆವರಿ ಬಿಸಿಯಾಗಿದ್ದರೆ ಬಟ್ಟೆ ಹೆಚ್ಚಾಯಿತು ಎಂದರ್ಥ, ಆಗ ಬಟ್ಟೆ ಕಡಿಮೆ ಮಾಡಿ ಮಗುವನ್ನು ಪರದೆಯೊಳಗೆ ಬಿಡುತ್ತೇನೆ.

ಪರದೆಯ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ನೆಂಟರು ಉಡುಗೊರೆ ಕೊಟ್ಟ ಛತ್ರಿಯಂತಹ ಮಡಚುವ ಪರದೆ ಮೊದಲ ಮೂರು ತಿಂಗಳು ಸೊಗಸಾಗಿತ್ತು. ಮಗು ಮಗುಚಿಕೊಳ್ಳಲು ಕಲಿತ ಮೇಲೆ ಕಾಲು ಹೋಗಿ ಬದಿಗೆ ತಾಗುತ್ತದೆ. ತಾಗಿದ ಕಡೆ ಸೊಳ್ಳೆ ಹೊರಗೆ ಕೂತೇ ಜಾಲರಿಯ ಕಣ್ಣಿನೊಳಗೆ ಸೂಜಿ ತೂರಿಸುತ್ತದೆ. ಮುಖವನ್ನು ಬಲೆಗೆ ಒತ್ತಿಕೊಂಡರೆ ಅದು ಬೇರೆ ಅಪಾಯ. ಅದಕ್ಕೆ ಈಗ ನೆಲದ ಹಾಸಿಗೆಯ ಮೇಲೆ ನಾಲ್ಕು ಮೂಲೆಯ ಪೆಟ್ಟಿಗೆ ಪರದೆ ಕಟ್ಟಿದ್ದೇನೆ. ಮಗುವಿನಿಂದ ಬಲೆಗೆ ಎಲ್ಲಾ ಕಡೆ ಒಂದು ಮೊಳ ದೂರವಿದೆ. ಅಂಚನ್ನು ಹಾಸಿಗೆಯ ಅಡಿಗೆ ಗೇಣುದ್ದ ಸೇರಿಸಿದ್ದೇನೆ, ಕಟ್ಟಿದ ದಾರಗಳು ಮಗುವಿನ ಕೈಗೆ ಸಿಗದ ಎತ್ತರದಲ್ಲಿವೆ. ತೊಟ್ಟಿಲಿಗೆ ಪರದೆ ಹೊದಿಸುವವರು ಹಗ್ಗ ಮೇಲೆ ಹೋಗುವ ಜಾಗ ನೋಡಿ, ಅಲ್ಲಿನ ಸಂದಿಯೇ ಸೊಳ್ಳೆಗೆ ಹೆಬ್ಬಾಗಿಲು. ಸೀರೆಯ ಜೋಲಿಯಲ್ಲಿ ಮಗುವಿನ ಬೆನ್ನು ಬಟ್ಟೆಗೆ ಒತ್ತಿರುವುದರಿಂದ ಕೆಳಗಿನಿಂದ ಕಚ್ಚುತ್ತದೆ.

ಬಲೆ ಕೊಳ್ಳುವಾಗ ಕಣ್ಣಿನ ಗಾತ್ರ ನೋಡಬೇಕು. ಒಂದು ಚದರ ಅಂಗುಲದಲ್ಲಿ ಕನಿಷ್ಠ 156 ಕಣ್ಣುಗಳಿರಬೇಕು ಎನ್ನುವುದು ಸಾಮಾನ್ಯವಾಗಿ ಬಳಸುವ ಅಳತೆ. ತೂತು ಹುಡುಕಲು ಕೋಣೆ ಕತ್ತಲು ಮಾಡಿ ಒಳಗೆ ಕುಳಿತು ಟಾರ್ಚ್ ಹಾಯಿಸಿ. ನಿನ್ನೆ ಮೂಲೆಯಲ್ಲಿ ಬಟಾಣಿ ಗಾತ್ರದ್ದೊಂದು ಸಿಕ್ಕಿತು, ಅಮ್ಮ ಸೂಜಿ ದಾರದಿಂದ ಅಲ್ಲೇ ಮುಚ್ಚಿದರು. ಮಗುವನ್ನು ಮಲಗಿಸುವ ಮುಂಚೆ ಒಳಗೆ ಸೊಳ್ಳೆ ಸೇರಿಕೊಂಡಿದೆಯೇ ಎಂದು ನೋಡದಿದ್ದರೆ, ಸೊಳ್ಳೆಯನ್ನೂ ಮಗುವನ್ನೂ ಒಂದೇ ಪಂಜರದಲ್ಲಿ ಹಾಕಿದಂತೆ. ಮಲೇರಿಯಾ ಪ್ರದೇಶಗಳಲ್ಲಿ ಆರೋಗ್ಯ ಇಲಾಖೆ ಕೊಡುವ ಕೀಟನಾಶಕ ಲೇಪಿತ ಪರದೆಗಳನ್ನು ಶಿಶುಗಳಿಗೂ ಬಳಸಬಹುದು. ಹೊಸದನ್ನು ಒಂದು ದಿನ ನೆರಳಿನಲ್ಲಿ ಹರಡಿಡಿ. ಸೌಮ್ಯ ಸಾಬೂನಿನಿಂದ ಒಗೆದು ನೆರಳಿನಲ್ಲೇ ಒಣಗಿಸಿ, ಬಿಸಿಲಿಗೆ ಲೇಪದ ಶಕ್ತಿ ಕುಂದುತ್ತದೆ.

ಈಗ ಮನೆಯಲ್ಲಿ ಮಾತಿಗೆ ಮಾತು ಬೆಳೆದ ವಿಷಯ. ಒಂದು ಸಂಜೆ ಅಜ್ಜಿ ಕೊಬ್ಬರಿ ಎಣ್ಣೆಯಲ್ಲಿ ಕರ್ಪೂರ ಕರಗಿಸಿ ತಂದರು. “ನಿನಗೂ ನಿನ್ನ ಅಮ್ಮನಿಗೂ ಇದನ್ನೇ ಹಚ್ಚಿದ್ದು, ಏನಾಯಿತು?” ಎಂದರು. ನಾನು ಬಟ್ಟಲನ್ನು ತೆಗೆದು ಮೇಲಿಟ್ಟೆ. “ಅಜ್ಜಿ, ಕರ್ಪೂರ ಚರ್ಮದಿಂದಲೂ ಒಳಗೆ ಹೋಗುತ್ತದೆ, ಕೂಸಿಗೆ ಫಿಟ್ಸ್ ಬರಿಸಬಲ್ಲದು. ಕೈಗೆ ಮೆತ್ತಿದ್ದು ಬಾಯಿಗೆ ಹೋದರಂತೂ ಮುಗಿಯಿತು” ಎಂದೆ. ಅವರಿಗೆ ಒಪ್ಪಿಗೆಯಾಗಲಿಲ್ಲ, ಆದರೆ ಮತ್ತೆ ತರಲಿಲ್ಲ. ಧೂಪದ ಹೊಗೆ, ಸೊಳ್ಳೆ ಬತ್ತಿಯ ಹೊಗೆ ಎರಡೂ ಮಗುವಿನ ಶ್ವಾಸನಾಳಕ್ಕೆ ಒಗ್ಗವು. ನೀಲಗಿರಿ ಎಣ್ಣೆಯೂ ಬೇಡ. ಕೈಗೆ ಕಟ್ಟುವ ಪಟ್ಟಿ, ಬಟ್ಟೆಗೆ ಅಂಟಿಸುವ ಬಿಲ್ಲೆ ಇವುಗಳನ್ನು ನಂಬಿ ಪರದೆ ಬಿಡಬೇಡಿ. ಶಬ್ದದಿಂದ ಸೊಳ್ಳೆ ಓಡಿಸುವ ಯಂತ್ರಕ್ಕೆ ಹಣ ಹಾಕುವುದು ದಂಡ.

ಹಾಗಾದರೆ ಯಾವ ಮುಲಾಮು? ಎರಡು ತಿಂಗಳೊಳಗಿನ ಮಗುವಿಗೆ ಯಾವುದೂ ಬೇಡ, ಪರದೆ ಮತ್ತು ಬಟ್ಟೆ ಮಾತ್ರ. ಅದು ದಾಟಿದ ಮೇಲೆ ಡೀಟ್ ಅಥವಾ ಪಿಕಾರಿಡಿನ್ ಎಂಬ ಸೊಳ್ಳೆ ನಿವಾರಕ ಇರುವುದನ್ನು ಬಳಸಬಹುದು, ಮಕ್ಕಳ ವೈದ್ಯರನ್ನು ಕೇಳಿಕೊಂಡೇ. ಟ್ಯೂಬಿನ ಹಿಂಭಾಗ ಓದಿ: ಡೀಟ್ ಶೇಕಡಾ 30ನ್ನು ಮೀರಬಾರದು. ಶೇಕಡಾವಾರು ಹೆಚ್ಚಿದರೆ ಹೆಚ್ಚು ಹೊತ್ತು ಕೆಲಸ ಮಾಡುತ್ತದೆ ಅಷ್ಟೇ. ಶೇ 10ರದ್ದು ಸುಮಾರು ಎರಡು ಗಂಟೆ, ಶೇ 30ರದ್ದು ಐದು ಗಂಟೆಯ ಆಸುಪಾಸು. ಸಂಜೆ ಐದಕ್ಕೆ ಅರ್ಧ ಗಂಟೆ ಜಗಲಿಯಲ್ಲಿ ಕೂರಿಸಲು ಕಡಿಮೆಯದೇ ಸಾಕು. ನಿಂಬೆ ನೀಲಗಿರಿ ತೈಲ ಎಂದು ಬರೆದಿದ್ದರೆ ಮೂರು ವರ್ಷದೊಳಗಿನವರಿಗೆ ಬೇಡ.

ಹಚ್ಚುವ ರೀತಿ ನೋಡಿ. ನನ್ನ ಅಂಗೈಗೆ ಕಡಲೆಕಾಳಿನಷ್ಟು ತೆಗೆದುಕೊಂಡು, ಎರಡೂ ಕೈ ಉಜ್ಜಿ, ಬಟ್ಟೆ ಮುಚ್ಚದ ಕಣಕಾಲಿಗೆ ತೆಳುವಾಗಿ ಸವರಿದೆ. ಮಗುವಿನ ಕೈಗೆ ಹಚ್ಚುವುದಿಲ್ಲ, ಅದು ಬಾಯಲ್ಲೇ ಇರುತ್ತದೆ. ಕಣ್ಣು, ತುಟಿ, ಗಾಯ, ಬಟ್ಟೆಯ ಅಡಿ ಇವಕ್ಕೂ ಇಲ್ಲ. ದಿನಕ್ಕೊಂದು ಸಲ ಸಾಕು. ಒಳಗೆ ಬಂದ ಕೂಡಲೇ ಸಾಬೂನು ನೀರಿನಿಂದ ಒರೆಸುತ್ತೇನೆ. ನಾನು ನನ್ನ ತೋಳಿಗೆ ಹಚ್ಚಿಕೊಂಡಿದ್ದರೆ ಹಾಲೂಡಿಸುವ ಮುಂಚೆ ಕೈ ತೊಳೆಯುವುದು, ಎದೆಯ ಭಾಗಕ್ಕೆ ಹಚ್ಚದಿರುವುದು ನೆನಪಿರಲಿ.

ಕಳೆದ ತಿಂಗಳು ಮಾವನಿಗೆ ಡೆಂಗಿ ಬಂತು. ಎಲ್ಲರೂ ಮಗುವನ್ನು ಅವರಿಂದ ದೂರವಿಡಿ ಎಂದರು. ಜ್ವರ ಮನುಷ್ಯನಿಂದ ಮನುಷ್ಯನಿಗೆ ಉಸಿರಿನಲ್ಲಿ ದಾಟುವುದಿಲ್ಲ. ಜ್ವರದ ದಿನಗಳಲ್ಲಿ ಅವರನ್ನು ಕಚ್ಚಿದ ಸೊಳ್ಳೆ ಸುಮಾರು ಎಂಟರಿಂದ ಹನ್ನೆರಡು ದಿನ ಕಳೆದು ಇನ್ನೊಬ್ಬರಿಗೆ ದಾಟಿಸುತ್ತದೆ. ಆದ್ದರಿಂದ ಹಗಲಿನಲ್ಲೂ ಪರದೆಯೊಳಗೆ ಮಲಗಬೇಕಾದದ್ದು ಮಾವ. ಅವರು ಗೊಣಗುತ್ತಲೇ ಮಲಗಿದರು.

ಮಗುವಿಗೇ ಜ್ವರ ಬಂದರೆ? ಮೂರು ತಿಂಗಳೊಳಗಿನ ಮಗುವಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಅಂದೇ, ಆಗಲೇ ಆಸ್ಪತ್ರೆಗೆ. ದೊಡ್ಡ ಕೂಸಾದರೂ ಹಾಲು ಬಿಟ್ಟರೆ, ಆರು ಗಂಟೆ ಮೂತ್ರ ಮಾಡದಿದ್ದರೆ, ಪದೇ ಪದೇ ವಾಂತಿಯಾದರೆ, ಮಂಕಾಗಿ ಮಲಗಿದ್ದರೆ, ಕೈಕಾಲು ತಣ್ಣಗಾದರೆ, ಚರ್ಮದಲ್ಲಿ ಕೆಂಪು ಚುಕ್ಕೆಗಳು ಕಂಡರೆ ಕಾಯಬೇಡಿ. ಡೆಂಗಿಯ ಕಠಿಣ ಹೊತ್ತು ಬರುವುದು ಸಾಮಾನ್ಯವಾಗಿ ಮೂರರಿಂದ ಏಳನೆಯ ದಿನದ ನಡುವೆ, ಜ್ವರ ಇಳಿಯುವಾಗ. ಮೈ ತಣ್ಣಗಾಯಿತು ಎಂದು ಮನೆಯವರು ಉಸಿರು ಬಿಡುವ ಹೊತ್ತಿಗೇ ರಕ್ತನಾಳಗಳಿಂದ ದ್ರವ ಸೋರತೊಡಗುತ್ತದೆ. ಜ್ವರಕ್ಕೆ ಪ್ಯಾರಸಿಟಮಾಲ್ ಮಾತ್ರ, ಅದೂ ಮಗುವಿನ ತೂಕ ನೋಡಿ ವೈದ್ಯರು ಹೇಳಿದಷ್ಟು. ಐಬುಪ್ರೊಫೆನ್ ಮತ್ತು ಆಸ್ಪಿರಿನ್ ರಕ್ತಸ್ರಾವವನ್ನು ಹೆಚ್ಚಿಸಬಲ್ಲವು. ಮನೆಯಲ್ಲಿ ಹಳೆಯ ಜ್ವರದ ಸಿರಪ್ ಇದ್ದರೆ ಲೇಬಲ್ಲಿನಲ್ಲಿ ಆ ಹೆಸರುಗಳಿವೆಯೇ ಎಂದು ಇವತ್ತೇ ನೋಡಿಟ್ಟುಕೊಳ್ಳಿ.